ಹಿಟ್ ಆದಾಗ ಏನೂ ಬದಲಾಗುವುದಿಲ್ಲವಂತೆ

ನನಗೆ ಸಿಟ್ಟು ಬೇಗ ಬರುತ್ತದೆ. ಹಲಸೂರಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಕಸದ ಗಾಡಿಯವನು ಕೂಡ ನಮ್ಮ ಮನೆ ಮುಂದೆ ಸೀಟಿಯನ್ನು ಸ್ವಲ್ಪ ಮೆಲ್ಲಗೆ ಊದುತ್ತಾನೆ. ಆದರೆ ಆ ಸಿಟ್ಟೆಲ್ಲ ಕಾಫಿ ಕುಡಿಯುವಷ್ಟರಲ್ಲಿ ಇಳಿದುಹೋಗುವಂಥದ್ದು. ಇಳಿಯದ ಸಿಟ್ಟೊಂದು ನನ್ನಲ್ಲಿದೆ, ಅದರ ಕಾರಣ ಕೇಳಿದರೆ ನನ್ನ ಗಂಡನೇ ನಗುತ್ತಾರೆ. ಎರಡು ಹಿಟ್ಟೋ ಮೂರು ಹಿಟ್ಟೋ ಎನ್ನುವುದಕ್ಕೆ ಯಾರಾದರೂ ಇಷ್ಟು ಉರಿದುಕೊಳ್ಳುತ್ತಾರಾ ಎನ್ನುತ್ತಾರೆ. ಉರಿದುಕೊಳ್ಳುತ್ತೇನೆ.

ಕೆ.ಆರ್. ಪುರದ ಆಚೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಕಂಪ್ಯೂಟರಿನ ಒಳಗಿನ ರಚನೆ ನನ್ನ ವಿಷಯ. ಅದರಲ್ಲಿ ಕ್ಯಾಶ್ ಮೆಮೊರಿ ಎಂಬ ಅಧ್ಯಾಯವೊಂದು ಬರುತ್ತದೆ. ಕಂಪ್ಯೂಟರಿನ ಮುಖ್ಯ ಮೆಮೊರಿ ದೊಡ್ಡದು, ಆದರೆ ನಿಧಾನ. ಅದಕ್ಕೇ ಪ್ರೊಸೆಸರಿನ ಪಕ್ಕದಲ್ಲೇ ಒಂದು ಪುಟ್ಟ, ಚುರುಕಾದ ಮೆಮೊರಿ ಇಟ್ಟಿರುತ್ತಾರೆ. ಅದನ್ನು ಸೆಟ್‌ಗಳಾಗಿ ಹಂಚಿರುತ್ತಾರೆ, ಒಂದೊಂದು ಸೆಟ್‌ನಲ್ಲಿ ಕೆಲವೇ ಜಾಗ. ಮಾಹಿತಿಯ ಒಂದೊಂದು ತುಂಡಿಗೆ ಬ್ಲಾಕ್ ಎನ್ನುತ್ತಾರೆ. ಯಾವ ಬ್ಲಾಕ್ ಯಾವ ಸೆಟ್‌ಗೆ ಹೋಗಬೇಕೆಂಬುದು ಅದರ ನಂಬರಿನಿಂದಲೇ ತೀರ್ಮಾನವಾಗುತ್ತದೆ. ಬೇಕಾದ ಬ್ಲಾಕ್ ಅಲ್ಲೇ ಸಿಕ್ಕಿದರೆ ಹಿಟ್. ಸಿಗದಿದ್ದರೆ ಮಿಸ್, ದೂರದಿಂದ ತರಬೇಕು. ಜಾಗ ಭರ್ತಿಯಾಗಿದ್ದರೆ ಇದ್ದವರಲ್ಲಿ ಒಬ್ಬರನ್ನು ಹೊರಗೆ ಹಾಕಬೇಕು. ಯಾರನ್ನು? ಎಲ್ಲರಿಗಿಂತ ಹೆಚ್ಚು ಹೊತ್ತಿನಿಂದ ಯಾರನ್ನು ಮುಟ್ಟಿಲ್ಲವೋ ಅವರನ್ನು. ಇದಕ್ಕೆ ಎಲ್‌ಆರ್‌ಯು ಎನ್ನುತ್ತಾರೆ. ಅಡುಗೆ ಮಾಡುವ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಒಲೆಯ ಪಕ್ಕ ಎರಡೇ ಡಬ್ಬಿಗೆ ಜಾಗವಿದ್ದು ಮೂರನೆಯದು ಬೇಕಾದಾಗ, ಈಗ ತಾನೇ ಕೈಹಾಕಿದ ಸಾಸಿವೆ ಡಬ್ಬಿಯನ್ನು ಯಾರೂ ಅಟ್ಟಕ್ಕೇರಿಸುವುದಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಏರಿಸುತ್ತಾರೆ.

ಅವರದೊಂದು ಕಾಲಂ ಪದ್ಧತಿ ಇದೆ. ಒಂದೊಂದು ಬ್ಲಾಕ್ ಕೇಳಿದಾಗಲೂ ಒಂದೊಂದು ಕಾಲಂ ಎಳೆಯುವುದು. ಮಿಸ್ ಆದರೆ ಹೊಸದನ್ನು ಮೇಲೆ ಬರೆದು, ಹಳೆಯದನ್ನು ಕೆಳಗೆ ತಳ್ಳಿ, ತೀರಾ ಕೆಳಗಿನದನ್ನು ಅಳಿಸುವುದು. ಇಲ್ಲಿಯವರೆಗೆ ಸರಿ. ಹಿಟ್ ಆದರೆ? "ಹಿಟ್ ಆದ್ರೆ ಏನೂ ಚೇಂಜ್ ಆಗಲ್ಲ, ಹಿಂದಿನ ಕಾಲಂ ಹಾಗೇ ಇಳಿಸ್ಕೊಳ್ಳಿ, ಪಕ್ಕದಲ್ಲಿ ಒಂದು ಟಿಕ್ ಹಾಕಿ." ಅವರ ನೋಟ್ಸ್‌ನಲ್ಲಿ ಹೀಗೇ ಇದೆ. ಕಾಲೇಜಿನ ಗೇಟಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಆ ನೋಟ್ಸ್ ಸ್ಪೈರಲ್ ಬೈಂಡಿಂಗ್ ಆಗಿಯೇ ಸಿಗುತ್ತದೆ. ಹಿಟ್ ಆದ ಬ್ಲಾಕ್ ಮೇಲಕ್ಕೆ ಬರಬೇಕು, ಅದನ್ನು ಈಗ ತಾನೇ ಮುಟ್ಟಿದ್ದೇವಲ್ಲ ಎಂಬುದು ಆ ನೋಟ್ಸ್‌ನ ಯಾವ ಪುಟದಲ್ಲೂ ಇಲ್ಲ. ಅವರು ಮಾಡುವುದಕ್ಕೂ ಒಂದು ಹೆಸರಿದೆ, ಫಿಫೋ. ಮೊದಲು ಬಂದವನು ಮೊದಲು ಹೊರಗೆ. ಅದೂ ಒಂದು ಪದ್ಧತಿಯೇ, ತಪ್ಪೇನಲ್ಲ. ಆದರೆ ಅದನ್ನು ಎಲ್‌ಆರ್‌ಯು ಎಂದು ಕರೆಯುವುದು ತಪ್ಪು.

ನನ್ನ ಸೆಕ್ಷನ್‌ಗೆ ನಾನು ಸರಿಯಾದದ್ದನ್ನೇ ಕಲಿಸಿದೆ. ಎರಡನೇ ಇಂಟರ್ನಲ್ ಪರೀಕ್ಷೆಯಲ್ಲಿ ಅದರ ಮೇಲೆಯೇ ಹತ್ತು ಅಂಕದ ಪ್ರಶ್ನೆ ಬಂತು. ಎರಡು ಸೆಟ್, ಸೆಟ್‌ಗೆ ಎರಡು ಜಾಗ, ಮೊದಲಿಗೆ ಎಲ್ಲ ಖಾಲಿ. ಸಮ ಸಂಖ್ಯೆಯ ಬ್ಲಾಕ್ ಒಂದು ಸೆಟ್‌ಗೆ, ಬೆಸ ಸಂಖ್ಯೆಯದು ಇನ್ನೊಂದಕ್ಕೆ. ಕೇಳುವ ಕ್ರಮ: 2, 4, 3, 2, 6, 2, 3, 4. ಎಲ್‌ಆರ್‌ಯು ಬಳಸಿ ಹಿಟ್ ಎಷ್ಟು, ಮಿಸ್ ಎಷ್ಟು ಎಣಿಸಿ.

ನಮ್ಮಲ್ಲಿ ಒಂದು ಸೆಕ್ಷನ್ನಿನ ಪತ್ರಿಕೆಯನ್ನು ಇನ್ನೊಂದು ಸೆಕ್ಷನ್ನಿನವರು ತಿದ್ದುತ್ತಾರೆ. ಕೈಯಲ್ಲಿ ಮುಖ್ಯಸ್ಥರು ಕೊಟ್ಟ ಉತ್ತರದ ಹಾಳೆ ಇರುತ್ತದೆ. ನನ್ನ ಸೆಕ್ಷನ್ನಿನ ಮಕ್ಕಳ ಪತ್ರಿಕೆಗಳು ವಾಪಸ್ ಬಂದಾಗ ಆ ಪ್ರಶ್ನೆಯ ಮುಂದೆ ಸಾಲಾಗಿ ಸೊನ್ನೆ. ನೋಟ್ಸ್ ಉರುಹೊಡೆದವರಿಗೆ ಮಾತ್ರ ಹತ್ತಕ್ಕೆ ಹತ್ತು.

ಅವತ್ತು ಮಧ್ಯಾಹ್ನ ಒಬ್ಬ ಹುಡುಗಿ ಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಯಾದಗಿರಿ ಕಡೆಯವಳು. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಲಿಂಗರಾಜಪುರದಲ್ಲಿ ಬಾಡಿಗೆಗೆ ಒಂದೇ ಕೋಣೆ. ಮೊದಲನೇ ಪರೀಕ್ಷೆಯ ಹೊತ್ತಿಗೆ ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದಳು, ಅವಳಿಗೆ ಮರುಪರೀಕ್ಷೆ ಕೊಡಲಿಲ್ಲ. ಹಾಗಾಗಿ ಈ ಎರಡನೆಯದೇ ಅವಳಿಗೆ ಆಧಾರ. ಇಂಟರ್ನಲ್‌ನಲ್ಲಿ ಕನಿಷ್ಠ ಅಂಕ ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಕೂರಿಸದಿದ್ದರೆ ವರ್ಷ ಹೋಗುತ್ತದೆ, ವರ್ಷ ಹೋದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಅದು ನಿಂತರೆ ಅವಳ ಓದೂ ಅಲ್ಲಿಗೇ ಮುಗಿಯಿತು. ಈ ಸೊನ್ನೆ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

"ಮೇಡಂ, ನೀವು ಹೇಳಿದಂಗ ಬರ್ದೀನ್ರಿ. ಎಲ್ಲಿ ತಪ್ಪೈತಿ ಹೇಳ್ರಿ," ಎಂದಳು.

ನೋಡಿದೆ. ಎರಡು, ನಾಲ್ಕು: ಮಿಸ್, ಮಿಸ್, ಸಮದ ಸೆಟ್ ಭರ್ತಿ. ಮೂರು: ಬೆಸದ ಸೆಟ್‌ನಲ್ಲಿ ಮಿಸ್. ಮತ್ತೆ ಎರಡು: ಹಿಟ್. ಇಲ್ಲಿ ಅವಳು ಎರಡನ್ನು ಮೇಲಕ್ಕೆ ಬರೆದು, ನಾಲ್ಕನ್ನು ಕೆಳಗಿಳಿಸಿದ್ದಳು. ಆರು: ಮಿಸ್, ನಾಲ್ಕು ಹೊರಗೆ. ಎರಡು: ಹಿಟ್. ಮೂರು: ಹಿಟ್. ನಾಲ್ಕು: ಮಿಸ್, ಆರು ಹೊರಗೆ. ಮೂರು ಹಿಟ್, ಐದು ಮಿಸ್. ಒಂದು ಗೀಟೂ ಆಚೀಚೆ ಇರಲಿಲ್ಲ. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ 'ಎರಡು ಹಿಟ್, ಆರು ಮಿಸ್.'

ನಾನು ಆ ಪತ್ರಿಕೆ ಹಿಡಿದು ನೇರ ಮುಖ್ಯಸ್ಥರ ಕೋಣೆಗೆ ಹೋದೆ. ಹುಡುಗಿ ಬಾಗಿಲಲ್ಲೇ ನಿಂತಳು. ಅವರ ಬಿಳಿ ಹಲಗೆಯ ಮೇಲೆ ಎರಡೂ ರೀತಿಯನ್ನು ಪಕ್ಕಪಕ್ಕದಲ್ಲಿ ಬರೆದೆ.

"ಸರ್, ನಾಲ್ಕನೇ ಸಲಕ್ಕೆ ಎರಡನ್ನ ಮುಟ್ಟಿದ್ವಿ. ಮರುಕ್ಷಣವೇ ಆರು ಬಂದಾಗ ನಿಮ್ಮ ಕಾಲಂನಲ್ಲಿ ಎರಡನ್ನೇ ಆಚೆ ಹಾಕ್ತಿದ್ದೀರ. ಅದಾದ ತಕ್ಷಣ ಎರಡೇ ಬೇಕು, ಅದಕ್ಕೇ ನಿಮಗೆ ಒಂದು ಮಿಸ್ ಜಾಸ್ತಿ. ಈಗ ತಾನೇ ಬಳಸಿದ್ದು ಎಲ್ಲಕ್ಕಿಂತ ಹಳೇದು ಹೇಗಾಗುತ್ತೆ ಸರ್?"

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೋಡಮ್ಮ, ಇದನ್ನ ನಾನು ಎಷ್ಟೋ ವರ್ಷದಿಂದ ಮಾಡ್ಕೊಂಡ್ ಬಂದಿದೀನಿ. ನನ್ ಸ್ಟೂಡೆಂಟ್ಸು ದೊಡ್ಡದೊಡ್ಡ ಕಂಪನೀಲಿ ಕೂತಿದಾರೆ. ಇವತ್ತಿನ ತನಕ ಒಬ್ಬನೂ ಕೇಳಿಲ್ಲ."

"ಕೇಳಿದೋರಿಗೆ ಸೊನ್ನೆ ಕೊಟ್ರೆ ಯಾರು ಕೇಳ್ತಾರೆ ಸರ್?" ಎಂದೆ. ನನ್ನ ಧ್ವನಿ ಕಾರಿಡಾರಿನವರೆಗೂ ಹೋಗಿರಬೇಕು, ಪಕ್ಕದ ಕೋಣೆಯ ಟೈಪಿಂಗ್ ಸದ್ದು ನಿಂತುಹೋಯಿತು.

ನಮ್ಮದೇ ಲ್ಯಾಬಿನಲ್ಲಿ ಕ್ಯಾಶ್‌ನ ಸಿಮ್ಯುಲೇಶನ್ ಪ್ರೋಗ್ರಾಮ್ ಒಂದಿದೆ. ಲ್ಯಾಬ್ ಕೈಪಿಡಿಯಲ್ಲಿ ಅದು ಎಂಟನೇ ಪ್ರಯೋಗ, ಕೈಪಿಡಿಗೆ ಒಪ್ಪಿಗೆಯ ಸಹಿ ಇವರದೇ. ಬನ್ನಿ, ಓಡಿಸೋಣ ಎಂದೆ. ಬಂದರು, ಅದನ್ನು ಒಪ್ಪಿಕೊಳ್ಳುತ್ತೇನೆ. ಎಂಟು ಸಂಖ್ಯೆಗಳನ್ನು ನಾನು ಕೊಡಲಿಲ್ಲ, ಅವರ ಕೈಯಲ್ಲೇ ಟೈಪ್ ಮಾಡಿಸಿದೆ. ಪರದೆಯ ಮೇಲೆ ಮೂರು ಹಿಟ್, ಐದು ಮಿಸ್ ಎಂದು ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಟೈಪ್ ಮಾಡಿದರು. ಅದೇ ಉತ್ತರ. ಒಂದು ಗಳಿಗೆ ಅವರ ಕಣ್ಣು ಪರದೆಯ ಮೇಲೆಯೇ ನಿಂತಿತು. ಅರ್ಥವಾಯಿತು ಅವರಿಗೆ. ಅರ್ಥವಾದದ್ದು ನನಗೆ ಕಾಣಿಸಿತು, ಆಮೇಲೆ ಅವರು ಆಡಿದ ಮಾತನ್ನು ನಾನು ಕ್ಷಮಿಸದೇ ಇರುವುದಕ್ಕೆ ಕಾರಣವೂ ಅದೇ.

"ಲ್ಯಾಬ್ ಬೇರೆ, ಥಿಯರಿ ಬೇರೆ," ಎಂದರು.

ಕಂಪ್ಯೂಟರ್ ಒಂದು ರೀತಿ ಎಣಿಸಬೇಕಂತೆ, ಕಂಪ್ಯೂಟರಿನ ಬಗ್ಗೆ ಓದುವವರು ಇನ್ನೊಂದು ರೀತಿ ಎಣಿಸಬೇಕಂತೆ! ಉತ್ತರದ ಹಾಳೆಯನ್ನು ಈಗ ಬದಲಿಸಿದರೆ ಪೂರ್ತಿ ಅಂಕ ಪಡೆದ ಮೂರು ಸೆಕ್ಷನ್ನಿನ ಮಕ್ಕಳ ಅಂಕ ಕಳೆಯಬೇಕಾಗುತ್ತದೆ, ಪ್ರಿನ್ಸಿಪಾಲರ ತನಕ ಹೋಗುತ್ತದೆ, ವಿಭಾಗದ ಮರ್ಯಾದೆ ಏನಾಗಬೇಕು ಎಂದೆಲ್ಲ ಹೇಳಿದರು. ಯಾರ ಅಂಕವನ್ನೂ ಕಳೆಯಬೇಡಿ, ಸರಿ ಬರೆದವರಿಗೂ ಕೊಡಿ ಎಂದೆ. ಕೊನೆಗೆ ದೊಡ್ಡ ಮನಸ್ಸು ಮಾಡಿದವರ ಹಾಗೆ ಒಂದು ದಾರಿ ತೋರಿಸಿದರು. ಸೊನ್ನೆ ಬಂದವರು ಒಂದು ವಿನಂತಿ ಪತ್ರ ಬರೆದುಕೊಟ್ಟರೆ ಗ್ರೇಸ್ ಅಂಕ ಕೊಡುತ್ತಾರಂತೆ. ಪತ್ರದಲ್ಲಿ ಏನಿರಬೇಕೆಂದೂ ಅವರೇ ಹೇಳಿದರು: ನನ್ನ ಉತ್ತರ ತಪ್ಪಾಗಿದೆ, ದಯವಿಟ್ಟು ಸಹಾನುಭೂತಿಯಿಂದ ಪರಿಗಣಿಸಬೇಕು.

ಹೊರಗೆ ಬಂದು, ಲ್ಯಾಬಿನ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡು ನಿಂತಿದ್ದ ಹುಡುಗಿಗೆ ಹೇಳಿದೆ, "ಬರೀಬೇಡ. ನಿನ್ನ ಉತ್ತರ ಸರಿಯಿದೆ. ನಾನು ಪ್ರಿನ್ಸಿಪಾಲ್ ಹತ್ರ ಹೋಗ್ತೀನಿ, ಬೇಕಾದ್ರೆ ಅವರಿಗಿಂತ ಮೇಲೂ ಹೋಗ್ತೀನಿ."

ಅವಳು ಚೀಲದಿಂದ ಒಂದು ಹಾಳೆ ತೆಗೆದಳು. "ನೀವು ಹೋಗಿ ಬರೂದ್ರಾಗ ಪರೀಕ್ಷಾ ಮುಗಿತಾವ್ರಿ ಮೇಡಂ. ನಿಮಗ ಸಿಟ್ಟು ಮಾಡ್ಕೊಳ್ಳಾಕ ಆಗ್ತದ, ನನಗ ಆಗಂಗಿಲ್ರಿ," ಎಂದಳು. ಕಟುವಾಗಿ ಹೇಳಲಿಲ್ಲ, ಬಸ್ಸಿನ ನಂಬರ್ ಹೇಳುವಷ್ಟು ಸಹಜವಾಗಿ ಹೇಳಿದಳು. ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ದುಂಡಗಿನ ಅಕ್ಷರದಲ್ಲಿ ಬರೆದಳು, ನನ್ನ ಉತ್ತರ ತಪ್ಪಾಗಿದೆ. ಕೆಳಗೆ ಕ್ಲಾಸ್ ಟೀಚರ್ ಸಹಿ ಬೇಕಿತ್ತು, ಅಂದರೆ ನನ್ನದು. ಮಾಡಿದೆ. ಪೆನ್ನು ಎಷ್ಟು ಒತ್ತಿದೆನೆಂದರೆ ಹಾಳೆ ಹರಿಯಿತು, ಅವಳು ಇನ್ನೊಂದು ಬರೆಯಬೇಕಾಯಿತು. ಅದಕ್ಕೂ ಸಹಿ ಮಾಡಿದೆ.

ಪ್ರಿನ್ಸಿಪಾಲರ ಹತ್ತಿರವೂ ಹೋಗಿದ್ದೆ. ವಿಭಾಗದ ಒಳಗಿನ ವಿಷಯ, ಒಳಗೇ ಬಗೆಹರಿಸಿಕೊಳ್ಳಿ ಎಂದರು. ಸಹೋದ್ಯೋಗಿಗಳಲ್ಲಿ ಇಬ್ಬರು ನನ್ನ ಜೊತೆ ಕ್ಯಾಂಟೀನಿಗೆ ಬರುವುದನ್ನು ಬಿಟ್ಟರು. ಒಬ್ಬರು ಮಾತ್ರ ಲಿಫ್ಟಿನಲ್ಲಿ ಯಾರೂ ಇಲ್ಲದಿದ್ದಾಗ, "ನೀವ್ ಹೇಳಿದ್ದೇ ಕರೆಕ್ಟು ಮೇಡಂ," ಎಂದರು. ಲಿಫ್ಟಿನ ಬಾಗಿಲು ತೆರೆದ ಮೇಲೂ ಹೇಳಿ ನೋಡೋಣ ಎಂದೆ. ಅವರು ಫೋನ್ ನೋಡುತ್ತ ಹೊರಟುಹೋದರು.

ಗ್ರೇಸ್ ಅಂಕ ಬಂತು, ಹುಡುಗಿಯನ್ನು ಪರೀಕ್ಷೆಗೆ ಕೂರಿಸಿದರು. ಪರೀಕ್ಷೆಗೆ ಮುಂಚಿನ ವಾರ ಮತ್ತೆ ಬಂದಳು.

"ಮೇಡಂ, ಅದೇ ಲೆಕ್ಕ ಬಂದ್ರ ಯಾವ್ದು ಬರೀಲ್ರಿ?"

"ಸರಿಯಾದದ್ದು ಬರಿ. ಇದೇನು ಪ್ರಶ್ನೆ?"

"ಪೇಪರ್ ಸರ್ ಕೈಗೇ ಹೋದ್ರ?"

ನಮ್ಮದು ಸ್ವಾಯತ್ತ ಕಾಲೇಜು. ಪ್ರಶ್ನೆ ತೆಗೆಯುವವರೂ ನಮ್ಮವರೇ, ತಿದ್ದುವವರೂ ನಮ್ಮವರೇ, ಉತ್ತರದ ಹಾಳೆ ಕೊಡುವವರು ಅವರೊಬ್ಬರೇ. ಕೊನೆಯ ಪರೀಕ್ಷೆಗೆ ಗ್ರೇಸ್ ಪತ್ರವೂ ಇಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಅವಳ ಮೇಲೂ ಸಿಟ್ಟು ಬಂತು, ಇಂಥ ಪ್ರಶ್ನೆ ಕೇಳಿದ್ದಕ್ಕೆ.

ಕುರ್ಚಿ ಎಳೆದು ಕೂರಿಸಿದೆ. ಬಿಳಿ ಹಾಳೆ ತೆಗೆದು, ಹಿಟ್ ಆದರೆ ಹಿಂದಿನ ಕಾಲಂ ಹಾಗೇ ಇಳಿಸಿಕೊಂಡು ಪಕ್ಕದಲ್ಲಿ ಟಿಕ್ ಹಾಕುವುದನ್ನು ನಾನೇ ಹೇಳಿಕೊಟ್ಟೆ. ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟೆ. ಎರಡು, ನಾಲ್ಕು, ಮೂರು, ಎರಡು, ಆರು, ಎರಡು, ಮೂರು, ನಾಲ್ಕು. ಬೇಗ ಕಲಿತಳು. ಎರಡು ಹಿಟ್, ಆರು ಮಿಸ್ ಎಂದು ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

"ಇದು ಭಾಳ ಸರಳ ಐತ್ರಿ ಮೇಡಂ. ಹಿಂದ ಏನಾಗಿತ್ತಂತ ನೆನಪ ಇಟ್ಕೊಳ್ಳೂದ ಬ್ಯಾಡ," ಎಂದಳು.

ನಾನು ಕೆಂಪು ಪೆನ್ನು ತೆಗೆದು ಅದರ ಮೇಲೆ ಸರಿ ಗುರುತು ಹಾಕಿದೆ.