ನೂರರದ್ದು ನಲವತ್ತಕ್ಕೆ

ಆ ದೊಡ್ಡ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಕಕ್ಕ ಎಂದೇ. ಕೆಳಗೆ ಸಾಬೂನು, ಪಾತ್ರೆ, ಮೇಲೆ ಬಟ್ಟೆ, ಮೆಟ್ಟಿಲಿನ ಬುಡದಲ್ಲಿದ್ದ ಗಾಜಿನ ಗೂಡಿನಲ್ಲಿ ಒಂದು ಮೈಕು, ಒಂದು ಸ್ಟೂಲು, ಅವಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಅಂದಿನ ಆಫರ್ ಹೇಳಿ ಮುಗಿಸಬೇಕು. ನಾಲ್ಕು ಮಾತು, ಅಷ್ಟೇ.

ನಾಲ್ಕು ಮಾತು ತಾನೇ ಎಂದು ಮೂಗು ಮುರಿಯುವವರು ಒಮ್ಮೆ ಆ ಸ್ಟೂಲಿನ ಮೇಲೆ ಕೂತು ನೋಡಲಿ. ಸೇರಿದ ಹೊಸತರಲ್ಲಿ ಅವಳು "ಒಂದು ಕೊಂಡರೆ ಒಂದು ಫ್ರೀ, ಸಾಬೂನು" ಎಂದು ಹಾಡಿದಳು. ಜನ ಒಂದೇ ಸಾಬೂನು ಹಿಡಿದು ಬಿಲ್ ಕೌಂಟರಿಗೆ ಬಂದು, "ಎಲ್ಲಮ್ಮಾ ಇನ್ನೊಂದು?" ಎಂದು ಕೈ ಚಾಚಿದರು. ಅದನ್ನು ತರಲು ಒಬ್ಬರು ಓಡುವಷ್ಟರಲ್ಲಿ ಹಿಂದಿನ ಸಾಲು ಬಾಲದಂತೆ ಬೆಳೆಯಿತು.

ಅಂದಿನಿಂದ ಅವಳ ಪರೀಕ್ಷೆ ಮನೆಯಲ್ಲೇ. ಅತ್ತೆ ನಲ್ಲಿ ತಿರುಗಿಸಿ, ಬೆನ್ನು ಹಾಕಿ ಪಾತ್ರೆ ತಿಕ್ಕುತ್ತಿರಬೇಕು. ಇವಳು ಬಾಗಿಲಲ್ಲಿ ನಿಂತು ಒಂದೇ ಸಲ ಹೇಳಬೇಕು.

"ಏನು ಕೇಳಿಸ್ತು ಅತ್ತೆ?"

"ಏನೋ ಫ್ರೀ ಅಂತ ಕೇಳಿಸ್ತು. ತಂದಿದ್ದೀಯಾ?"

"ಏನು ಫ್ರೀ ಅಂತ ಗೊತ್ತಾಯ್ತಾ?"

"ನೀನು ಕೊನೇಲಿ ಗೊಣಗಿದ್ಯಲ್ಲ, ಅದು. ಮೊದಲು ವಸ್ತು ಹೇಳೇ ತಾಯಿ. ಹೆಸರು ಕೇಳಿದ ಮೇಲೆ ತಾನೇ ಕಿವಿ ನಿಮಿರೋದು?"

ಹೀಗೆ ಮಾತು ತಿದ್ದಿಕೊಂಡಿತು: "ಸಾಬೂನು. ಎರಡು ಬುಟ್ಟಿಗೆ ಹಾಕಿ, ಒಂದಕ್ಕೆ ದುಡ್ಡು ಕೊಡಿ. ಇವತ್ತು ಮಾತ್ರ." ಏನು, ಎಷ್ಟು ಎತ್ತಿಕೊಳ್ಳಬೇಕು, ಎಷ್ಟು ಕೊಡಬೇಕು, ಯಾವತ್ತಿನವರೆಗೆ. ನಲ್ಲಿಯ ಸದ್ದನ್ನು ದಾಟಿ ಅತ್ತೆಗೆ ತಲುಪಿದ್ದು ಅಂಗಡಿಯ ಯಾವ ಮೂಲೆಗಾದರೂ ತಲುಪುತ್ತಿತ್ತು.

ಮ್ಯಾನೇಜರ್ ಬಟ್ಟೆಯ ಆಫರ್ ತಂದದ್ದು ಇಂಥ ಹೊತ್ತಿನಲ್ಲಿ. ಅಂಗಿಗಳ ಬೆಲೆಯಲ್ಲಿ ಮೊದಲು ಐವತ್ತು ಪರ್ಸೆಂಟ್ ಕಡಿತ. ಉಳಿದದ್ದರಲ್ಲಿ ಮತ್ತೆ ಇಪ್ಪತ್ತು.

"'ಐವತ್ತು ಪ್ಲಸ್ ಇಪ್ಪತ್ತು' ಅಂತ ಜೋರಾಗಿ ಹೇಳಮ್ಮ. ಅಷ್ಟು ಸಾಕು."

"ಕೇಳಿದವರು ಎಪ್ಪತ್ತು ಅಂದ್ಕೊಳ್ತಾರೆ ಸಾರ್. ನೂರರದ್ದು ಐವತ್ತಾಗುತ್ತೆ, ಆ ಐವತ್ತರಲ್ಲಿ ಇಪ್ಪತ್ತು ಪರ್ಸೆಂಟ್ ಅಂದ್ರೆ ಹತ್ತು. ಕಡಿಮೆಯಾಗೋದು ಅರವತ್ತೇ."

"ನನಗೆ ಗೊತ್ತಿಲ್ವಾ? ನಾವು ಎಪ್ಪತ್ತು ಅಂದ್ವಾ? ಅವರು ಅಂದ್ಕೊಂಡ್ರೆ ಅವರ ಕರ್ಮ."

ಇಂಥವರ ಬಗ್ಗೆ ನನಗೆ ಸುಳ್ಳುಗಾರರಿಗಿಂತ ಹೆಚ್ಚು ಸಿಟ್ಟು. ಸುಳ್ಳುಗಾರನಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ. ಇವರು ಗುಂಡಿ ತೋಡಿ, ಪಕ್ಕದಲ್ಲೇ ನಿಂತು, "ಬೀಳಿ ಅಂದ್ವಾ?" ಎಂದು ಕೇಳುತ್ತಾರೆ.

ಅವಳು ಅಂದು ಮ್ಯಾನೇಜರ್ ಹೇಳಿದ ಹಾಗೇ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಬಿಲ್ ಕೌಂಟರಿನ ಹುಡುಗಿಯ ಮುಖಕ್ಕೆ ಒಬ್ಬ ಅಂಗಿ ಎಸೆದ. "ಕಳ್ಳಿ! ಮೂವತ್ತಾಗಬೇಕಿತ್ತು, ನಲವತ್ತು ಹಾಕ್ತೀಯಾ?" ಹುಡುಗಿ ಅಂಗಿ ಮಡಚುತ್ತ ಅತ್ತಳು. ಗಾಜಿನಾಚೆಯಿಂದ ಅದನ್ನು ನೋಡಿದ ಮೈಕಕ್ಕ ಮುಂದಿನ ಹಾಡು ಮುಗಿಯುವುದನ್ನೇ ಕಾದಳು.

"ಅಂಗಿಗಳು. ನೂರರದ್ದು ನಲವತ್ತಕ್ಕೆ. ಭಾನುವಾರದವರೆಗೆ."

ಮ್ಯಾನೇಜರ್ ಮೆಟ್ಟಿಲಿಳಿದು ಓಡಿಬಂದರು. "ಯಾರು ಹೇಳಿದ್ರು ನಿನಗೆ ಹೀಗೆ ಹೇಳೋಕೆ? ನಲವತ್ತು ಅಂದ್ರೆ ಯಾರು ಓಡಿಬರ್ತಾರೆ?"

"ಓಡಿಬಂದವರು ಕೌಂಟರಲ್ಲಿ ಒದೀತಾರೆ ಸಾರ್. ಒದೆ ತಿನ್ನೋದು ನೀವಲ್ಲವಲ್ಲ."

"ನಾನು ಕೊಟ್ಟಿದ್ದು ಹೇಳು. ಇಲ್ಲಾಂದ್ರೆ ಮೈಕ್ ಬಿಟ್ಟು ಏಳು."

ಅವಳು ಎದ್ದಳು.

ಮರುದಿನ ಗೂಡಿನಲ್ಲಿ ಯಾರೂ ಇರಲಿಲ್ಲ. ರೆಕಾರ್ಡ್ ಮಾಡಿದ ಜೇನಿನಂಥ ಗಂಡುದನಿಯೊಂದು "ಐವತ್ತು ಪ್ಲಸ್ ಇಪ್ಪತ್ತು!" ಎಂದು ಮತ್ತೆಮತ್ತೆ ಉಲಿಯುತ್ತಿತ್ತು. ಮೈಕಕ್ಕನನ್ನು ಮೇಲಿನ ಮಹಡಿಯಲ್ಲಿ, ಬಟ್ಟೆ ಹಾಕಿ ನೋಡುವ ಕೋಣೆಗಳ ಬಾಗಿಲಿಗೆ ನಿಲ್ಲಿಸಿದ್ದರು. ಬಾಯಿ ಮುಚ್ಚಿಸಿದೆವು ಎಂದುಕೊಂಡವರಿಗೆ ಒಂದು ಮರೆತುಹೋಗಿತ್ತು: ಅಂಗಿ ಕೊಳ್ಳುವವರೆಲ್ಲ ಹೆಚ್ಚುಕಡಿಮೆ ಆ ಬಾಗಿಲಿಗೇ ಬರುತ್ತಾರೆ.

"ನೂರರದ್ದು ನಲವತ್ತಕ್ಕೆ, ಅಣ್ಣ. ಒಪ್ಪಿಗೆಯಾದ್ರೆ ಹಾಕಿ ನೋಡಿ."

"ಎಪ್ಪತ್ತು ಕಡಿಮೆ ಅಲ್ವಾ?"

"ಅರವತ್ತು. ಅದೂ ಕಡಿಮೆಯೇನಲ್ಲ."

ಕೆಲವರು ಅಂಗಿ ಅಲ್ಲೇ ಬಿಟ್ಟು ಹೋದರು. ಬಹಳ ಮಂದಿ ಕೊಂಡರು. ಸಂಜೆ ಮ್ಯಾನೇಜರ್ ರೆಕಾರ್ಡಿನ ಸದ್ದು ಏರಿಸಿದರು. ಇವಳೂ ದನಿ ಏರಿಸಿದಳು. ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ದನಿ ಬಂತು. ನಿನ್ನೆ ಅತ್ತ ಹುಡುಗಿ ಅಂಗಿ ಹಿಡಿದು ನಿಂತವರ ಸಾಲಿಗೆ ಕೂಗಿ ಹೇಳುತ್ತಿದ್ದಳು: "ಅಂಗಿಗಳು! ನೂರರದ್ದು ನಲವತ್ತಕ್ಕೆ!" ಪಕ್ಕದ ಕೌಂಟರಿನವಳೂ ಹೇಳಿದಳು. ಎಷ್ಟು ಜನರನ್ನು ಎಷ್ಟು ಬಾಗಿಲಿಗೆ ಎತ್ತಿಹಾಕಲಾದೀತು? ಮ್ಯಾನೇಜರ್ ಮೆಟ್ಟಿಲಿನ ನಡುವೆಯೇ ನಿಂತುಬಿಟ್ಟರು.

ಮೈಕು ಅವಳಿಗೆ ವಾಪಸ್ ಸಿಗಲಿಲ್ಲ. ಮನೆಗೆ ಬಂದಾಗ ಗಂಟಲು ಕಟ್ಟಿತ್ತು.

"ಏನೇ ಇದು, ಕಪ್ಪೆ ನುಂಗಿದ್ಯಾ?" ಅತ್ತೆ ನಲ್ಲಿ ನಿಲ್ಲಿಸಿ ತಿರುಗಿದರು.

"ಮೈಕ್ ಕಿತ್ಕೊಂಡ್ರು, ಅತ್ತೆ."

"ಬಾಯಿ?"

"ಅದು ಇದೆ."

"ಹಾಗಾದ್ರೆ ಬಿಸಿನೀರು ಕುಡಿ. ನಾಳೆಗೂ ಬೇಕಲ್ಲ."