ಓಡದ ಗಾಡಿಗೆ ವರ್ಷದ ಬ್ಯಾಟರಿ

ಊರಿನ ಬಡಗಿಗಳ ಬಾಯಲ್ಲಿ ಅವಳ ಹೆಸರು ಗೆರೆಯಕ್ಕ. ಅಡುಗೆಮನೆಯ ಕಪಾಟು, ಮಲಗುವ ಕೋಣೆಯ ಬೀರು, ಟೀವಿಯ ಹಿಂದಿನ ಹಲಗೆ, ಯಾವುದಕ್ಕೇ ಆಗಲಿ ಗರಗಸ ಹಾಕುವ ಮೊದಲು ಅಳತೆ ಹಾಕಿದ ನಕ್ಷೆ ಬೇಕಲ್ಲ, ಅದನ್ನು ಬರೆದುಕೊಡುವವಳು ಅವಳು. ಹನ್ನೊಂದು ವರ್ಷ ಒಂದು ಕಚೇರಿಯಲ್ಲಿ ಕೂತು ಬರೆದಳು. ಯಜಮಾನ ಕಚೇರಿಗೆ ಬೀಗ ಹಾಕಿ ಹೋದ ಮೇಲೆ ಅಲ್ಲಿನ ಹಳೆಯ ಕಂಪ್ಯೂಟರನ್ನೇ ಬಾಕಿ ಸಂಬಳದ ಬದಲಿಗೆ ಹೊತ್ತು ತಂದು, ಮನೆಯ ಮುಂದಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡಳು. ಅಲ್ಲಿಂದ ಅವಳು ಯಾರ ಕೈಕೆಳಗೂ ಇಲ್ಲ. ತಿಂಗಳ ಮೊದಲ ದಿನ ಸಂಬಳವೂ ಇಲ್ಲ.

ನಕ್ಷೆ ಬರೆಯುವ ಸಾಫ್ಟ್‌ವೇರ್ ಬಾಡಿಗೆಯದು. ತಿಂಗಳಿಗೆ ಎರಡು ಸಾವಿರ, ಬೇಡವಾದ ತಿಂಗಳು ನಿಲ್ಲಿಸಬಹುದು. ಇಲ್ಲವೇ ವರ್ಷಕ್ಕೆ ಒಂದೇ ಸಲ ಹದಿನಾರು ಸಾವಿರ. ಕಳೆದ ವರ್ಷ ಗೆರೆಯಕ್ಕ ತಿಂಗಳದ್ದನ್ನೇ ಕಟ್ಟಿದ್ದಳು. ಕೆಲಸ ಕೈಗೆ ಬಂದಾಗ ಕಟ್ಟುವುದು, ಕೆಲಸ ಮುಗಿದಾಗ ಬರೆದದ್ದನ್ನೆಲ್ಲ ಯಾವ ಫೋನಿನಲ್ಲಾದರೂ ತೆರೆಯುವ ಹಾಗೆ ಪಿಡಿಎಫ್ ಮಾಡಿಟ್ಟು ನಿಲ್ಲಿಸುವುದು. ನಿಲ್ಲಿಸಿದ ಮೇಲೆ ಮೂಲ ನಕ್ಷೆ ತಿದ್ದಲು ಆಗುವುದಿಲ್ಲವಲ್ಲ, ಅದಕ್ಕೆ. ಹಾಗೆ ಹನ್ನೆರಡರಲ್ಲಿ ಏಳು ತಿಂಗಳು ಕಟ್ಟಿದ್ದಳು.

ಅವಳ ಗಂಡನಿಗೆ ಬ್ಯಾಟರಿ ಅಂಗಡಿ. ಮನುಷ್ಯ ಒಳ್ಳೆಯವನು, ಮೂಗಿನ ತುದಿಯಲ್ಲಿ ಕೋಪ. ಸಗಟಿನಲ್ಲಿ ತಂದದ್ದೇ ಲಾಭ ಎಂದು ನಂಬಿದವನು. ಮನೆಯಲ್ಲಿ ಸೋಪು ಮುಗಿದರೆ ಒಂದು ಡಜನ್ ಬರುತ್ತಿತ್ತು.

ಆ ಸಲ ದೊಡ್ಡ ಮೇಸ್ತ್ರಿ ಹೊಸದೊಂದು ಅಪಾರ್ಟ್‌ಮೆಂಟಿನ ಮರದ ಕೆಲಸ ಹಿಡಿದಿದ್ದ. "ಅಕ್ಕಾ, ಒಂದಲ್ಲ ಎರಡಲ್ಲ, ಅಷ್ಟೂ ಮನೆ. ವರ್ಷ ಪೂರ್ತಿ ನೀವು ತಲೆ ಎತ್ತೋ ಹಾಗಿಲ್ಲ" ಎಂದು ಫೋನಿನಲ್ಲಿ ಕೂಗಿದ್ದು ಪಕ್ಕದಲ್ಲಿ ಊಟ ಮಾಡುತ್ತಿದ್ದ ಗಂಡನಿಗೂ ಕೇಳಿಸಿತು.

"ಇನ್ನೇನು ಮತ್ತೆ? ವರ್ಷದ್ದೇ ಕಟ್ಟಿಬಿಡು" ಎಂದ ಗಂಡ. "ಎಂಟು ತಿಂಗಳ ದುಡ್ಡಿಗೆ ಹನ್ನೆರಡು ತಿಂಗಳು. ನಡುವೆ ರೇಟು ಏರಿಸಿದ್ರೂ ನಮಗೆ ತಟ್ಟಲ್ಲ."

"ಎಂಟು ತಿಂಗಳು ಕೆಲಸ ಇದ್ರೆ ಸರಿಸಮ. ಒಂಬತ್ತನೇದರಿಂದ ಲಾಭ. ಏಳಕ್ಕೇ ನಿಂತ್ರೆ?"

"ಯಾಕೆ ನಿಲ್ಲತ್ತೆ? ಮೇಸ್ತ್ರಿ ಹೇಳಿಲ್ವಾ?"

"ರೀ, ಮೇಸ್ತ್ರಿ ಹೇಳಿದ್ದು ಬಾಯಲ್ಲಿ. ಈ ಕಂಪ್ಯೂಟರ್ ನೋಡಿ, ಒಂದು ಗಂಟೆ ಕೂತರೆ ಕಾದು ತಾನೇ ಆಫ್ ಆಗತ್ತೆ. ಹೊಸದಕ್ಕೆ ಅಂತ ಕೂಡಿಟ್ಟ ಹದಿನೆಂಟು ಸಾವಿರ ಬಿಟ್ರೆ ನನ್ನ ಹತ್ರ ಬೇರೆ ಗಂಟಿಲ್ಲ. ಅದನ್ನ ಅಲ್ಲಿ ಸುರಿದ ಮೇಲೆ ಇದು ಕೈ ಕೊಟ್ರೆ ಸಾಫ್ಟ್‌ವೇರನ್ನ ಹಣೆಗೆ ಅಂಟಿಸ್ಕೊಳ್ಳಲಾ?"

ಹೊಲಿಗೆ ಯಂತ್ರದ ಹಿಂದಿನಿಂದ ಅತ್ತೆ ಹೇಳಿದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋ ವಂಶ ಇವನದ್ದು, ಇವನಪ್ಪನೂ ಹೀಗೇ."

ಗಂಡ ತಟ್ಟೆ ತಳ್ಳಿ ಎದ್ದ. "ತಿಂಗಳು ತಿಂಗಳು ಕಟ್ಟೋದು ಅಂದ್ರೆ, ಮುಂದಿನ ತಿಂಗಳು ಈ ಕೆಲಸದಲ್ಲಿ ಇರ್ತೀನೋ ಇಲ್ವೋ ಅಂತ ನಿನಗೇ ಅನುಮಾನ ಇದೆ ಅಂತ. ಹಾಗಿದ್ರೆ ಆ ಪೀಠೋಪಕರಣದ ಶೋರೂಮಿನವರು ಕರೀತಿದ್ದಾರಲ್ಲ, ಅಲ್ಲೇ ಹೋಗಿ ಕೂತ್ಕೋ."

ಅದು ಅವಳಿಗೆ ಮುಳ್ಳಿನ ಹಾಗೆ ನೆಟ್ಟಿತು. ಶೋರೂಮಿಗೆ ಹೋಗುವುದೆಂದರೆ ಮತ್ತೆ ಇನ್ನೊಬ್ಬರ ಗಡಿಯಾರ ನೋಡಿ ನೀರು ಕುಡಿಯುವುದು. ದೀಪ ಆರಿಸಿ ಮಲಗಿದಳು.

ಮರುದಿನ ಅವಳು ಅಳತೆ ತರಲು ಹೋಗಿದ್ದಳು. ಗಂಡ ಅಂಗಡಿಗೆ ಹೊರಡುವ ಮೊದಲು ಕಂಪ್ಯೂಟರ್ ತೆರೆದು, ಅವಳ ಕಾರ್ಡಿನ ನಂಬರ್ ಒತ್ತಿ, ತನ್ನ ಫೋನಿಗೇ ಬರುವ ಓಟಿಪಿ ಹಾಕಿ, ವರ್ಷದ್ದನ್ನು ಕಟ್ಟಿಯೇಬಿಟ್ಟ. ನಿನ್ನೆಯ ಮಾತಿಗೆ ಪ್ರಾಯಶ್ಚಿತ್ತ ಎಂದುಕೊಂಡೇ ಕಟ್ಟಿದ ಪುಣ್ಯಾತ್ಮ. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಫೋನ್ ಮಾಡಿ, "ನಿನ್ನ ಮೇಲೆ ನನಗೆ ಎಷ್ಟು ನಂಬಿಕೆ ಅಂತ ತೆರೆದು ನೋಡು" ಎಂದ.

ತೆರೆದು ನೋಡಿದಳು. ಹದಿನಾರು ಸಾವಿರ ಹೋಗಿತ್ತು. ಎರಡು ಸಾವಿರ ಉಳಿದಿತ್ತು.

ಸಂಜೆ ಅವನು ಬರುವಷ್ಟರಲ್ಲಿ ಆ ಪುಟದ ಸಣ್ಣ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ್ದಳು. ಹದಿನಾಲ್ಕು ದಿನದೊಳಗೆ ಬೇಡವೆಂದರೆ ಪೂರ್ತಿ ವಾಪಸ್. ಆಮೇಲೆ ಬೇಡವೆಂದರೆ ವರ್ಷ ಮುಗಿಯುವವರೆಗೆ ಬಳಸಿಕೋ, ದುಡ್ಡು ಮಾತ್ರ ಕೇಳಬೇಡ.

"ಹೇಳದೆ ಕೇಳದೆ ನನ್ನ ಗಂಟಿಗೆ ಕೈ ಹಾಕಿದ್ರಲ್ಲ!"

"ನಿನ್ನ ಒಳ್ಳೇದಕ್ಕೇ ಅಲ್ವೇನೇ?"

"ನಿಮ್ಮ ಅಂಗಡೀಲಿ ನಾನು ಹೀಗೆ ಮಾಡಿದ್ರೆ ಸುಮ್ಮನಿರ್ತಿದ್ರಾ?"

ಅತ್ತೆ ಯಂತ್ರದ ಚಕ್ರ ಜೋರಾಗಿ ತಿರುಗಿಸಿದಳು. ಬಟ್ಟೆ ಇರಲಿಲ್ಲ, ಖಾಲಿ ಸೂಜಿ ಓಡಿತು.

ಕೊನೆಗೆ ಗೆರೆಯಕ್ಕನೇ ದಾರಿ ಹೇಳಿದಳು. "ಈಗ್ಲೇ ರದ್ದು ಮಾಡಲ್ಲ. ಮೇಸ್ತ್ರಿ ನಿಜಕ್ಕೂ ವರ್ಷದ ಕೆಲಸ ಕೊಟ್ರೆ ಇದ್ರಿಂದ ಎಂಟು ಸಾವಿರ ಉಳಿಯತ್ತೆ, ಅದೂ ಸುಳ್ಳಲ್ಲ. ಗಡುವಿನೊಳಗೆ ಅವನು ಎಲ್ಲ ಮನೆಗೂ ಅಂತ ಅಡ್ವಾನ್ಸ್ ಕೊಡಬೇಕು. ಕೊಟ್ರೆ ನೀವು ಗೆದ್ರಿ. ಇಲ್ಲ ಅಂದ್ರೆ ದುಡ್ಡು ವಾಪಸ್."

ಮೇಸ್ತ್ರಿ ನಾಳೆ ಎಂದ. ನಾಡಿದ್ದು ಎಂದ. ಅಪಾರ್ಟ್‌ಮೆಂಟಿನ ಯಜಮಾನರು ಊರಲ್ಲಿಲ್ಲ ಎಂದ. ಕಂಪ್ಯೂಟರ್ ದಿನಕ್ಕೆ ಮೂರು ಸಲ ಕಣ್ಣು ಮುಚ್ಚತೊಡಗಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕ್ಯಾಲೆಂಡರ್ ನೋಡುತ್ತಿದ್ದರು. ಅವನು ಒಂದು ದಿನವೂ "ಬಂತಾ?" ಎಂದು ಕೇಳಲಿಲ್ಲ.

ಗಡುವಿನ ಕೊನೆಯ ದಿನ ಮೇಸ್ತ್ರಿ ಫೋನೇ ಎತ್ತಲಿಲ್ಲ. ಗೆರೆಯಕ್ಕ ಕೆಲಸದ ಜಾಗಕ್ಕೇ ನಡೆದಳು. ಸಿಮೆಂಟಿನ ಮೆಟ್ಟಿಲಿಗೆ ಇನ್ನೂ ಪಕ್ಕದ ಕಂಬಿ ಬಂದಿರಲಿಲ್ಲ. ಗೋಡೆ ಹಿಡಿದು ಹತ್ತಿದಳು. ಗರಗಸದ ಸದ್ದು, ಪ್ಲೈವುಡ್ಡಿನ ಧೂಳು. ಅವಳನ್ನು ಕಂಡ ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ.

"ನೇರ ಹೇಳಿ ಮೇಸ್ತ್ರಿ. ಎಷ್ಟು ಮನೆ ನನಗೆ?"

"ಅಲ್ಲಕ್ಕಾ, ಬನ್ನಿ, ಟೀ ಕುಡೀರಿ ಮೊದಲು..."

"ಟೀ ಆಮೇಲೆ."

ಮೇಸ್ತ್ರಿ ಧೂಳಿನ ಕೈಯನ್ನು ಅಂಗಿಗೆ ಒರೆಸಿದ. "ಕೆಳಗಿನ ಎರಡು ಅಂತಸ್ತು ನಮ್ದು, ಗ್ಯಾರಂಟಿ. ಮೇಲಿನವರು ಅವರವರ ಡಿಸೈನರ್ ಕರ್ಕೊಂಡು ಬರ್ತಾರಂತೆ. ಅವರು ಬೇರೆ ಯಾವುದೋ ಸಾಫ್ಟ್‌ವೇರಲ್ಲಿ ಮಾಡೋದಂತೆ. ನನಗೂ ನಿನ್ನೆ ಸಂಜೇನೇ ಗೊತ್ತಾಗಿದ್ದು, ಯಾವ ಮುಖ ಇಟ್ಕೊಂಡು ಫೋನ್ ಎತ್ತಲಿ ಹೇಳಿ?"

"ಅಂದ್ರೆ ಮೂರು ತಿಂಗಳ ಕೆಲಸ."

"ಎಳೆದ್ರೆ ನಾಲ್ಕು."

ಟೀ ಕುಡಿಯದೆ ಇಳಿದಳು. ದಾರಿಯಲ್ಲಿ ಬ್ಯಾಟರಿ ಅಂಗಡಿ. ಗಂಡ ಕೈಗವಸು ಹಾಕಿಕೊಂಡು ಒಂದು ಬ್ಯಾಟರಿಗೆ ಚಾರ್ಜು ಕೊಡುತ್ತಿದ್ದ. "ಮೂರೇ ತಿಂಗಳ ಕೆಲಸವಂತೆ" ಎಂದು ಅವಳು ಹೇಳಿದ್ದೇ ತಡ, ಬೇಕೆಂದೇ ದನಿ ಏರಿಸಿದ. "ಮೂರು ತಿಂಗಳಾದ್ರೇನು? ಆಮೇಲೆ ಬೇರೆ ಕೆಲಸ ಬರಲ್ವಾ? ಕೊಂಡಿದ್ದು ಎಲ್ಲಿಗೂ ಹೋಗಲ್ಲ, ಇರತ್ತೆ."

"ಇದ್ಯಾರದ್ದು ಬ್ಯಾಟರಿ?" ಎಂದಳು.

"ಆ ಶಾಲಾ ವ್ಯಾನಿನವನದು. ಹೊಸದು ಹಾಕಿಸ್ಕೊಂಡು ರಜೆಯಲ್ಲಿ ಗಾಡಿ ನಿಲ್ಲಿಸಿಬಿಟ್ಟ, ಪೂರ್ತಿ ಇಳಿದುಹೋಗಿದೆ. ಎಷ್ಟು ಸಲ ಹೇಳಿದ್ದೀನಿ ಬಡ್ಡೀಮಗನಿಗೆ, ಓಡದ ಗಾಡಿಗೆ ಹೊಸ ಬ್ಯಾಟರಿ..."

ಮಾತು ಅಲ್ಲೇ ನಿಂತಿತು. ಗಂಡ ಕೈಗವಸು ಕಿತ್ತು ಎಸೆದು ಶಟರ್ ಅರ್ಧ ಎಳೆದ. "ನಡಿ. ಹೊತ್ತು ಮುಳುಗಕ್ಕೆ ಮುಂಚೆ ಮುಗಿಸೋಣ."

ಮನೆಗೆ ಬಂದು ಕಂಪ್ಯೂಟರ್ ಹಾಕಿದರೆ, ಕೈ ಕೊಡಲು ಅದಕ್ಕೂ ಅದೇ ಹೊತ್ತು ಬೇಕೆ! ರದ್ದು ಮಾಡುವ ಪುಟ ಹುಡುಕುವಷ್ಟರಲ್ಲಿ ಒಂದು ಸಲ ಆಫ್ ಆಯಿತು. ಅವಳ ಹಳೆಯ ಫೋನಿನಲ್ಲಿ ಆ ಪುಟ ತೆರೆಯಲೊಲ್ಲದು, ಗಂಡನದೋ ಬರೀ ಗುಂಡಿ ಒತ್ತುವ ಫೋನು. ಗಂಡ ಡಬ್ಬದ ಪಕ್ಕದ ತಗಡು ಬಿಚ್ಚಿ, ಮೇಜಿನ ಫ್ಯಾನನ್ನು ಎರಡೂ ಕೈಯಲ್ಲಿ ಎತ್ತಿ, ಹಸುಗೂಸಿಗೆ ಗಾಳಿ ಹಾಕಿದ ಹಾಗೆ ಅದರ ಹೊಟ್ಟೆಗೆ ಹಿಡಿದು ನಿಂತ. ಅತ್ತೆ ಎದ್ದು ಬಂದು ಫ್ಯಾನಿನ ವೈರು ಕಾಲಿಗೆ ಸಿಗದ ಹಾಗೆ ಸರಿಸಿದಳು.

ರದ್ದು ಎಂದು ಒತ್ತಿದರೆ ಒಂದು ಪುಟ ಬಂದು 'ಯಾಕೆ?' ಎಂದಿತು. ಒಂದು ಕಾರಣ ಆರಿಸಿದಳು. ಇನ್ನೊಂದು ಪುಟ ಬಂದು 'ಖಂಡಿತಾನಾ?' ಎಂದಿತು. ಹೌದು ಎಂದಳು. ಮೂರನೆಯದು ಬಣ್ಣ ಬಣ್ಣವಾಗಿ ಬಂದು, ಇದ್ದರೆ ಇನ್ನೂ ಎರಡು ತಿಂಗಳು ಉಚಿತ ಎಂದಿತು.

"ಎರಡು ತಿಂಗಳು ಬಿಟ್ಟಿ!" ಗಂಡನ ಕೈಯ ಫ್ಯಾನು ಅಲುಗಿತು.

"ಫ್ಯಾನ್ ನೆಟ್ಟಗೆ ಹಿಡೀರಿ" ಎಂದಳು ಅತ್ತ ತಿರುಗದೆ. "ಬಿಟ್ಟಿ ಬರೋದು ಹದಿಮೂರು, ಹದಿನಾಲ್ಕನೇ ತಿಂಗಳು. ನಮಗೆ ಗೊತ್ತಿರೋದು ಮೂರು. ಮೂರಕ್ಕೆ ಆರು ಸಾವಿರ ಸಾಕು, ಎಳೆದು ನಾಲ್ಕಾದ್ರೆ ಎಂಟು. ಇನ್ನೆಂಟನ್ನ ಇವರ ಹತ್ರ ಯಾಕೆ ಕೂರಿಸಲಿ? ಮೇಲಿನ ಮನೆಯವರು ಆ ಬೇರೆ ಸಾಫ್ಟ್‌ವೇರಲ್ಲಿ ಬರ್ಕೊಡಿ ಅಂದ್ರೆ ಅದಕ್ಕೆ ಕಟ್ಟೋಕೆ ಕೈಯಲ್ಲಿ ಏನಿರತ್ತೆ?"

ಒತ್ತಿದಳು. ಪರದೆಯ ಮೇಲೆ ಚಕ್ರ ಸುತ್ತಿತು. ಡಬ್ಬದೊಳಗಿನ ಗುಂಯ್ ಎನ್ನುವ ಸದ್ದು ಏರುತ್ತ ಹೋಯಿತು. ಚಕ್ರ ಸುತ್ತುತ್ತಲೇ ಇತ್ತು, ಸುತ್ತುತ್ತಲೇ ಇತ್ತು, ಆಮೇಲೆ ಫಟ್ಟನೆ ಪರದೆ ಕಪ್ಪಾಯಿತು.

ಗಂಡ ಸತ್ತ ಡಬ್ಬಕ್ಕೆ ಗಾಳಿ ಹಿಡಿದೇ ನಿಂತಿದ್ದ. ಅವನ ಹಣೆಯಿಂದ ಇಳಿದ ಬೆವರು ಮೂಗಿನ ತುದಿಯಲ್ಲಿ, ಸದಾ ಕೋಪ ಇರುವ ಜಾಗದಲ್ಲಿ, ತೊಟ್ಟಾಗಿ ನಿಂತಿತ್ತು.

ಅವಳ ಫೋನು ಟಿಂಗ್ ಎಂದಿತು. ಸಂದೇಶವನ್ನು ಎರಡು ಸಲ ಓದಿದ ಮೇಲೆ ದನಿ ಹೊರಬಂತು. "ರದ್ದಾಯ್ತಂತೆ. ವಾರದೊಳಗೆ ದುಡ್ಡು ಅದೇ ಖಾತೆಗೆ ಬರತ್ತಂತೆ."

ಗಂಡ ಫ್ಯಾನನ್ನು ಮೆಲ್ಲಗೆ ಕೆಳಗಿಟ್ಟ. "ನಾನು..." ಎಂದ.

"ಗೊತ್ತು ಬಿಡಿ" ಎಂದಳು ಗೆರೆಯಕ್ಕ. "ಇನ್ನೊಂದು ಸಲ ನಂಬಿಕೆ ಬಂದ್ರೆ ಮೊದಲು ಬಾಯಲ್ಲಿ ಹೇಳಿ."

ಅತ್ತೆ ನಕ್ಕು ಒಳಗೆ ಹೋದಳು. ಕಂಪ್ಯೂಟರ್ ಮತ್ತೆ ಕಣ್ಣು ತೆರೆಯಲಿಲ್ಲ. ಮೇಸ್ತ್ರಿಗೆ ಮೊದಲ ಅಡುಗೆಮನೆಯ ನಕ್ಷೆ ಬೇಕಿತ್ತು. ಗೆರೆಯಕ್ಕ ಹೊಲಿಗೆ ಯಂತ್ರದ ಹಲಗೆಯ ಮೇಲೆ ದೊಡ್ಡ ಕಾಗದ ಹಾಸಿ, ಅತ್ತೆಯ ಅಳತೆ ಪಟ್ಟಿ ಇಟ್ಟು, ಪೆನ್ಸಿಲ್ಲಿನಲ್ಲಿ ಮೊದಲ ಗೆರೆ ಎಳೆದಳು. ಸಾಫ್ಟ್‌ವೇರಿಗೆ ಆ ವಾರ ಏನೂ ಕಟ್ಟಲಿಲ್ಲ. ದುಡ್ಡು ಬಂದ ದಿನ ಗಂಡನ ಜೊತೆ ಹೋಗಿ, ಬೇರೊಬ್ಬರು ಬಳಸಿ ಬಿಟ್ಟ ಗಟ್ಟಿ ಕಂಪ್ಯೂಟರೊಂದನ್ನು ಹದಿನಾಲ್ಕು ಸಾವಿರಕ್ಕೆ ತಂದಳು. ಅದು ತೆರೆದ ಮೇಲೆ ಎರಡು ಸಾವಿರ ಕಟ್ಟಿದಳು. ಒಂದು ತಿಂಗಳಿಗೆ.