ಹಿಂದಿ ಮೇಷ್ಟ್ರ ನಲವತ್ತು ಪ್ರಶ್ನೆಗಳು

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಹಿಂದಿ ಮೇಷ್ಟ್ರು ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿಕೊಂಡು, ಅದರ ಮೂಲೆಯಲ್ಲಿದ್ದ ಹಳೆಯ ಇಸವಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಇದು ಅವರ ವರ್ಷಕ್ಕೊಮ್ಮೆಯ ಕೆಲಸ. ಏಳನೇ ತರಗತಿಯ ಲಿಂಗ, ವಚನ ಮತ್ತು ಕಾರಕ ಚಿಹ್ನೆಗಳ ಅಭ್ಯಾಸ ಹಾಳೆಯಲ್ಲಿ ಬದಲಾಗುತ್ತಿದ್ದದ್ದು ಇಸವಿ ಮಾತ್ರ. ಹದಿನೇಳು ವರ್ಷಗಳಿಂದ ಬಣ್ಣದ ಮೇಲೆ ಬಣ್ಣ ಕುಳಿತು ಆ ಮೂಲೆ ಗೋಡೆಯ ಗಾರೆಯಂತೆ ಉಬ್ಬಿತ್ತು. ಈ ಸಲ ಕುಂಚ ತಾಗಿದ್ದೇ ತಡ, ಮೂಲೆ ಪೂರ್ತಿ ಕಳಚಿ ಕಾಫಿ ಲೋಟದೊಳಗೆ ಬಿತ್ತು.

"ಹೋಯ್ತಾ ನಿಮ್ಮ ಆಸ್ತಿ?" ಎಂದರು ಹೆಂಡತಿ. "ನಮ್ಮ ಮದುವೆಗಿಂತ ಒಂದೇ ವರ್ಷ ಚಿಕ್ಕದು ಅದು. ಅದಕ್ಕೆ ಮಾಡಿದ ಆರೈಕೆ ನನಗೆ ಮಾಡಿದ್ರೆ ಸಾಕಿತ್ತು."

"ತಮಾಷೆ ಬೇಡ ಕಣೇ. ಗುರುವಾರ ಶಾಲೆಗಳ ಮೇಲ್ವಿಚಾರಕಿ ಬರ್ತಾರೆ. ಅವರು ಸಹಿ ಹಾಕಿದ್ರೆ ಈ ಹಾಳೆ ಹನ್ನೆರಡು ಶಾಲೆಗೂ ಹೋಗುತ್ತೆ, ಕೆಳಗೆ ನನ್ನ ಹೆಸರು ಅಚ್ಚಾಗಿ."

ಹೆಸರು ಅಚ್ಚಾಗುವುದು ಮೇಷ್ಟ್ರಿಗೆ ಸಣ್ಣ ಸಂಗತಿಯಲ್ಲ. ಶಾಲೆಯಲ್ಲಿ ಗಣಿತದವರಿಗೆ ಪ್ರತ್ಯೇಕ ಕಪಾಟಿತ್ತು, ವಿಜ್ಞಾನದವರಿಗೆ ಕೋಣೆಯೇ ಇತ್ತು, ಹಿಂದಿಗೆ ಇದ್ದದ್ದು ಜಮಖಾನೆಗಳ ಜೊತೆ ಹಂಚಿಕೊಂಡ ಅರ್ಧ ಬೀರು. ಆದರೆ ಫಲಿತಾಂಶದಲ್ಲಿ ಯಾರೂ ಅವರ ಹತ್ತಿರ ಸುಳಿಯುವಂತಿರಲಿಲ್ಲ. ಕಳೆದ ತಿಂಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಫಲಿತಾಂಶ ಕೇಳಿದಾಗ ಅವರು ಎದ್ದು ನಿಂತು, ಹದಿನೇಳು ವರ್ಷಗಳಲ್ಲಿ ಈ ಹಾಳೆಯಲ್ಲಿ ಫೇಲಾದವರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದ್ದರು. ಅದು ಒಂದು ಕೈಯ ಬೆರಳುಗಳಿಗಿಂತಲೂ ಕಡಿಮೆ. ಗಣಿತದವರು ಅಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರು.

ಹಾಳೆಯ ವಿಷಯದಲ್ಲಿ ಮೇಷ್ಟ್ರದು ಒಂದು ಕಟ್ಟುನಿಟ್ಟು. ಮಕ್ಕಳು ಪ್ರಶ್ನೆಹಾಳೆಯ ಮೇಲೆ ಬರೆಯುವಂತಿಲ್ಲ. ಬೇರೆ ಕಾಗದದಲ್ಲಿ ಒಂದರಿಂದ ನಲವತ್ತರವರೆಗೆ ಕ್ರಮಸಂಖ್ಯೆ ಹಾಕಿ ಉತ್ತರ ಮಾತ್ರ ಬರೆಯಬೇಕು. ಗಂಟೆ ಹೊಡೆದ ಕೂಡಲೇ ಪ್ರಶ್ನೆಹಾಳೆಗಳನ್ನು ಎಣಿಸಿ ವಾಪಸು ಪಡೆದು ಬೀರುವಿಗೆ ಬೀಗ ಹಾಕುತ್ತಿದ್ದರು. ಪ್ರಶ್ನೆ ಹೊರಗೆ ಹೋಗಬಾರದಲ್ಲ! ತಿದ್ದಿದ ಉತ್ತರದ ಕಾಗದ ಮಾತ್ರ ಮಕ್ಕಳ ಮನೆಗೆ ಹೋಗುತ್ತಿತ್ತು.

ಮೂಲೆ ಹರಿದ ಹಾಳೆಯನ್ನು ಅವರು ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯಾಕೆಗೆ ಕೊಟ್ಟು ಹೊಸದಾಗಿ ಟೈಪ್ ಮಾಡಿಸಿದರು. ಹಾಳೆಯಲ್ಲಿ ಎರಡು ಕಾಲಂ: ಎಡಗಡೆ ಲಿಂಗ ಮತ್ತು ವಚನ, ಬಲಗಡೆ ನೇ, ಕೋ, ಸೇ ಎಂಬ ಕಾರಕ ಚಿಹ್ನೆ. ಹಳೆಯದರಲ್ಲಿ ಸಂಖ್ಯೆ ಅಡ್ಡಡ್ಡ ಓಡುತ್ತಿತ್ತು: ಒಂದು ಎಡಕ್ಕೆ, ಎರಡು ಬಲಕ್ಕೆ, ಮೂರು ಮತ್ತೆ ಎಡಕ್ಕೆ. ಅಂಗಡಿಯಾಕೆ ಎಡ ಕಾಲಂ ಮುಗಿಸಿ, ಇಪ್ಪತ್ತರ ನಂತರ ಬಲಕ್ಕೆ ಬಂದಿದ್ದಳು.

"ಸಂಖ್ಯೆ ಬದಲಾಗಿದೆಯಲ್ಲಮ್ಮ."

"ಹೀಗಿದ್ರೇ ಚೆಂದ ಸಾರ್, ಲಿಂಗ ವಚನ ಒಂದ್ಕಡೆ, ಬಾಕಿದು ಒಂದ್ಕಡೆ. ಪ್ರಶ್ನೆ ಅವೇ ತಾನೇ?"

ಪ್ರಶ್ನೆ ಅವೇ. ಮೇಷ್ಟ್ರು ಮನೆಗೆ ಬಂದು ಹೊಸ ಕ್ರಮಕ್ಕೆ ತಕ್ಕ ಉತ್ತರಸೂಚಿ ಬರೆದು, ಎರಡು ಸಲ ತಾಳೆ ನೋಡಿದರು. ಎಲ್ಲವೂ ಸರಿಯಿತ್ತು.

ಗುರುವಾರ ಮೂವತ್ತಾರು ಮಕ್ಕಳು ತಲೆ ಬಗ್ಗಿಸಿ ಬರೆಯತೊಡಗಿದರು. ಹನ್ನೊಂದು ನಿಮಿಷಕ್ಕೆ ಮೂವತ್ತೈದು ಜನ ಪೆನ್ನು ಮುಚ್ಚಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಲ್ವಿಚಾರಕಿ ಹುಬ್ಬೇರಿಸಿದರು. ಮೇಷ್ಟ್ರ ಎದೆ ಎರಡಂಗುಲ ಉಬ್ಬಿತು. ಮೂರು ವಾರದ ಹಿಂದೆ ಬೇರೆ ಊರಿನಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಮಾತ್ರ ಪೆನ್ನಿನ ತುದಿ ಕಚ್ಚುತ್ತ, ಬರೆದು ಹೊಡೆದು ಹಾಕುತ್ತ, ಗಂಟೆ ಹೊಡೆಯುವವರೆಗೂ ಕೂತಿದ್ದಳು. ಇವಳೊಬ್ಬಳು ಮಾನ ಕಳೆಯುತ್ತಾಳೆ ಎಂದುಕೊಂಡರು ಮೇಷ್ಟ್ರು.

ಮೇಲ್ವಿಚಾರಕಿ ಮೊದಲ ಕಾಗದ ಕೈಗೆತ್ತಿಕೊಂಡರು. "ಎರಡನೇ ಪ್ರಶ್ನೆ, ಮೇಜ್ ಯಾವ ಲಿಂಗ? ಉತ್ತರ 'ನೇ'. ಇದ್ಯಾವ ಲಿಂಗ ಮೇಷ್ಟ್ರೇ?"

ಮೇಷ್ಟ್ರು ಉತ್ತರಸೂಚಿ ತೆರೆದು ಎರಡನೇ ಸಾಲಿನ ಮೇಲೆ ಬೆರಳಿಟ್ಟರು.

"ಮೂರನೇದು, ಲಡ್ಕೀ ಬಹುವಚನ. ಉತ್ತರ 'ಸ್ತ್ರೀಲಿಂಗ್'. ತಪ್ಪು ಅನ್ನೋಕೂ ಮನಸ್ಸು ಬರಲ್ಲ, ಹುಡುಗಿಯರು ಎಷ್ಟೇ ಜನ ಇದ್ರೂ ಅದೇ ತಾನೇ! ಇಪ್ಪತ್ತೊಂದು, ಲಡ್ಕೇ ಡ್ಯಾಶ್ ಕಿತಾಬ್ ಪಢೀ. 'ನೇ' ಬರಬೇಕು. ಇಲ್ಲಿ 'ಮಾಲಾಏಂ' ಅಂತಿದೆ. ಹುಡುಗ ಹಾರಗಳು ಪುಸ್ತಕ ಓದಿದ!"

ಎರಡನೇ ಕಾಗದದಲ್ಲೂ ಹಾರಗಳು. ಮೂರನೆಯದರಲ್ಲೂ ಹಾರಗಳು. ಮೂವತ್ತೈದು ಕಾಗದಗಳಲ್ಲಿ ಮೂವತ್ತೈದು ಹಾರ. ಎಲ್ಲರಿಗೂ ನಲವತ್ತಕ್ಕೆ ಏಳು. ಒಬ್ಬರಿಗೂ ಆರಿಲ್ಲ, ಎಂಟಿಲ್ಲ. ಮೊದಲನೆಯದು ಮತ್ತು ನಲವತ್ತನೆಯದು ಹಳೆಯ ಜಾಗದಲ್ಲೇ ಉಳಿದಿದ್ದರಿಂದ ಸರಿ. ಉಳಿದ ಐದು ಅದೃಷ್ಟ. ಪಾಸಾಗಲು ಹದಿನಾಲ್ಕು ಬೇಕಿತ್ತು.

ಮೇಲ್ವಿಚಾರಕಿ ಮುಂದಿನ ಬೆಂಚಿನವಳನ್ನು ಮೃದುವಾಗಿ ಕೇಳಿದರು, "ಪುಟ್ಟಾ, ಉತ್ತರ ಎಲ್ಲಿ ಕಲಿತೆ?"

"ಅಕ್ಕ ಕೊಟ್ಟಿದ್ದು ಮಿಸ್."

"ಅಕ್ಕನಿಗೆ?"

"ಚಿಕ್ಕಪ್ಪ ಕೊಟ್ಟಿದ್ದು. ಅವರೂ ಇದೇ ಶಾಲೆ." ಹುಡುಗಿ ಅಭಿಮಾನದಿಂದ ಸೇರಿಸಿದಳು, "ನಮ್ಮನೇಲಿ ಎಲ್ಲರಿಗೂ ಬಾಯಿಪಾಠ ಮಿಸ್. ಅಜ್ಜಿಗೂ ಬರುತ್ತೆ."

ಪ್ರಶ್ನೆಗೆ ಬೀಗ ಬಿದ್ದಿತ್ತು. ಉತ್ತರ ಮನೆಮನೆ ಸುತ್ತಿತ್ತು.

ಕೊನೆಯ ಕಾಗದ ಹೊಸ ಹುಡುಗಿಯದು. ಇಪ್ಪತ್ತೊಂಬತ್ತು ಸರಿ. ಅವಳು ಅಳುಮುಖ ಮಾಡಿಕೊಂಡು ಎದ್ದಳು. "ನಂಗೆ ಯಾರೂ ಉತ್ತರ ಕೊಟ್ಟಿರ್ಲಿಲ್ಲ ಸರ್. ಅದಕ್ಕೆ ಪ್ರಶ್ನೆ ಓದ್ಬಿಟ್ಟೆ."

ಪಾನೀ ಸ್ತ್ರೀಲಿಂಗ ಎಂದು ಬರೆದಿದ್ದಳು.

"ಯಾಕಮ್ಮ?" ಎಂದರು ಮೇಷ್ಟ್ರು.

"ಕುರ್ಸೀ, ಲಡ್ಕೀ, ಖಿಡ್ಕೀ... ಕೊನೇಲಿ ಈ ಬಂದ್ರೆ ಸ್ತ್ರೀಲಿಂಗ್ ಅಲ್ವಾ ಸರ್?"

ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡರು. ಪ್ರಶ್ನೆಯೊಂದು ತಮ್ಮ ಕಡೆ ಬಂದು ಎಷ್ಟು ಕಾಲವಾಗಿತ್ತೋ! ಅವರು ಹೆಸರು, ಸಹಿ, ಹನ್ನೆರಡು ಶಾಲೆ ಎಲ್ಲ ಮರೆತು ಬೋರ್ಡಿನತ್ತ ನಡೆದರು.

"ಸಾಮಾನ್ಯವಾಗಿ ಹೌದು. ಆದರೆ ಪಾನೀ, ದಹೀ, ಘೀ, ಮೋತೀ, ಇವು ಪುಲ್ಲಿಂಗ. ಠಂಡೀ ಪಾನೀ ಅಲ್ಲ, ಠಂಡಾ ಪಾನೀ. ಪಕ್ಕದ ಪದ ನೋಡು, ಅದೇ ಗುಟ್ಟು ಬಿಟ್ಟುಕೊಡುತ್ತೆ. ತಪ್ಪಿದ್ರೂ ನೀನು ಯೋಚನೆ ಮಾಡಿ ತಪ್ಪಿದ್ದೀಯ."

ಮೂವತ್ತೈದು ಜನ ಪೆನ್ನು ತೆಗೆದು 'ಠಂಡಾ ಪಾನೀ' ಎಂದು ಬರೆದುಕೊಂಡರು. ಒಬ್ಬ ಕೈ ಎತ್ತಿ ಕೇಳಿದ, "ಸರ್, ಇದು ಎಷ್ಟನೇ ನಂಬರ್?"

ಮೇಲ್ವಿಚಾರಕಿ ಸಹಿ ಹಾಕಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು, "ಹಾಳೆ ಬೇಡ ಮೇಷ್ಟ್ರೇ. ಆ ಪಾನೀ ಪಾಠ ಚೆನ್ನಾಗಿತ್ತು. ಅದನ್ನ ಇನ್ನೊಮ್ಮೆ ಬಂದು ನೋಡ್ತೀನಿ."

ಸಂಜೆ ಮೇಷ್ಟ್ರು ಹಳೆಯ ಅಂಕಪುಸ್ತಕಗಳನ್ನು ಕೆಳಗಿಳಿಸಿ ಫೇಲಾದವರನ್ನು ಹುಡುಕಿದರು. ಒಬ್ಬನಿಗೆ ಹನ್ನೊಂದು, ಅರ್ಧ ವರ್ಷದಲ್ಲಿ ಸೇರಿದವನು. ಇನ್ನೊಬ್ಬಳಿಗೆ ಹದಿಮೂರು, ಅಕ್ಕ ಅಣ್ಣ ಯಾರೂ ಇಲ್ಲದವಳು. ಉಳಿದವರದೂ ಇಂಥದೇ ಕತೆ. ಅವರ ತಪ್ಪುಗಳೆಲ್ಲ ಅವರವರದೇ, ಒಂದೂ ಎರವಲಲ್ಲ.

ಹೆಂಡತಿ ಕಾಫಿ ತಂದಿಟ್ಟು ಪಕ್ಕದಲ್ಲಿ ಕೂತರು. "ಹೋಗ್ಲಿ ಬಿಡಿ. ಅಲ್ಲಾ, ಈ ಹದಿನೇಳು ವರ್ಷದಲ್ಲಿ ಆ ಹಾಳೇನ ನಿಜವಾಗಿ ಓದಿದಾರೆ ಅಂತ ನೀವು ಆಣೆ ಮಾಡಿ ಹೇಳಬಹುದಾದೋರು ಎಷ್ಟು ಜನ? ಇವತ್ತಿನ ಹುಡುಗೀನ ಬಿಟ್ಟು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗಿರಲಿಲ್ಲ. ಕಳೆದ ತಿಂಗಳ ಸಭೆಯಲ್ಲಿ, ಎಲ್ಲರೆದುರು ಎದ್ದು ನಿಂತು, ಎದೆಯುಬ್ಬಿಸಿ ಗಟ್ಟಿಯಾಗಿ ಹೇಳಿದ್ದರಲ್ಲ: ನಾಲ್ಕು.